ಕೇಳಿ ತಿಳಿಯುವ ಪರೀಕ್ಷೆ: ಮೂರು ಪ್ರಶ್ನೆಗಳು, ಒಬ್ಬ ಅಜ್ಜಿಯ ಮಾತು

ಕಳೆದ ವರ್ಷ ನಮ್ಮ ಶನಿವಾರದ ಕನ್ನಡ ತರಗತಿಯಲ್ಲಿ ಮಕ್ಕಳಿಗೆ ಧ್ವನಿಮುದ್ರಿಸಿದ ಒಂದು ಮಾತನ್ನು ಕೇಳಿಸಿ, ಹತ್ತು ಪ್ರಶ್ನೆಗಳಿಗೆ ಉತ್ತರ ಬರೆಯಲು ಹೇಳಿದೆವು. ಐದನೆಯ ತರಗತಿಯ ಒಬ್ಬ ಹುಡುಗನಿಗೆ ಎರಡು ಅಂಕ ಬಂತು. ಮರುವಾರ ಅವನ ತಾಯಿ ಬಂದು, "ಮನೆಯಲ್ಲಿ ದಿನವಿಡೀ ಕನ್ನಡವೇ ಮಾತಾಡುತ್ತಾನೆ ಸಾರ್, ಇವನಿಗೆ ಕನ್ನಡ ಬರುವುದಿಲ್ಲವಾ?" ಎಂದು ಕೇಳಿದರು. ಹುಡುಗನನ್ನು ಕೂರಿಸಿಕೊಂಡು ಅದೇ ಪ್ರಶ್ನೆಗಳನ್ನು ಬಾಯಲ್ಲಿ ಕೇಳಿದೆವು. ಏಳಕ್ಕೆ ಸರಿಯಾಗಿ ಉತ್ತರಿಸಿದ, ಅರ್ಧ ಮನೆಯ ಕನ್ನಡದಲ್ಲಿ, ಅರ್ಧ ತಮಿಳಿನಲ್ಲಿ. ತಪ್ಪು ನಮ್ಮ ಪ್ರಶ್ನೆಪತ್ರಿಕೆಯದಾಗಿತ್ತು. ನಾವು ಅವನ ಕಿವಿಯನ್ನು ಅಳೆಯಲು ಹೊರಟು ಅವನ ಕೈಬರಹವನ್ನು ಅಳೆದಿದ್ದೆವು.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಕುಟುಂಬಗಳಿಗೆ ಈ ಅನುಭವ ಹೊಸದಲ್ಲ. ಇಲ್ಲಿ ಕನ್ನಡವೆಂದರೆ ಮೊದಲಿಗೆ ಕಿವಿಯ ಭಾಷೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲೂಕು ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಅಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ಇತ್ತ ಉಳಿದ ನೇಕಾರ, ಒಕ್ಕಲಿಗ, ಕುರುಬ ಮನೆಗಳ ಮಾತು ಮಾತ್ರ ಇಲ್ಲಿಯೇ ಉಳಿಯಿತು. 2006ರ ತಮಿಳು ಕಲಿಕೆ ಕಾಯಿದೆಯ ನಂತರ ಒಂದನೆಯ ತರಗತಿಯಿಂದಲೇ ತಮಿಳು ಕಡ್ಡಾಯವಾಗುತ್ತ ಬಂದಿದೆ. ಹೀಗಾಗಿ ನಮ್ಮ ಅನೇಕ ಮಕ್ಕಳು ಕನ್ನಡವನ್ನು ಕೇಳುತ್ತಾರೆ, ಆಡುತ್ತಾರೆ. ಬರೆಯುವುದು ಮಾತ್ರ ತಡವಾಗಿ ಬರುತ್ತದೆ. ಇಂಥ ಮಗುವಿಗೆ ಕನ್ನಡ ಎಷ್ಟು ಬರುತ್ತದೆ ಎಂದು ತಿಳಿಯಲು ಕೇಳಿ ತಿಳಿಯುವ ಪರೀಕ್ಷೆಗಿಂತ ನ್ಯಾಯವಾದುದು ಬೇರೊಂದಿಲ್ಲ. ಆದರೆ ಪ್ರಶ್ನೆಗಳನ್ನು ತಪ್ಪಾಗಿ ಕಟ್ಟಿದರೆ ಅದೇ ಪರೀಕ್ಷೆ ಅತಿ ದೊಡ್ಡ ಅನ್ಯಾಯವೂ ಆಗುತ್ತದೆ. ಆದ್ದರಿಂದ ಪ್ರಶ್ನೆಗಳನ್ನು ಹೇಗೆ ಕಟ್ಟಬೇಕು ಎಂಬುದನ್ನು ಒಂದೇ ಮಾತನ್ನು ಹಿಡಿದು ಇಲ್ಲಿ ವಿವರಿಸುತ್ತೇವೆ.

ಮಾತು ಯಾವುದು

ಮೊದಲ ಸಲ ನಾವು ಮಾಡಿದ ಇನ್ನೊಂದು ತಪ್ಪು, ಪಠ್ಯಪುಸ್ತಕದ ಪಾಠವೊಂದನ್ನು ಓದಿ ಧ್ವನಿಮುದ್ರಿಸಿದ್ದು. ಓದಿದ ಮಾತಿನಲ್ಲಿ ತಡವರಿಕೆಯಿಲ್ಲ, ನಿಲುಗಡೆಯಿಲ್ಲ. ಹೇಳುವವರ ಮನಸ್ಸು ಅದರಲ್ಲಿ ಕೇಳಿಸುವುದಿಲ್ಲ. ಎರಡನೆಯ ಸಲ ನೇಕಾರ ಮನೆಯ ಒಬ್ಬ ಹಿರಿಯ ಹೆಂಗಸನ್ನು ಒಪ್ಪಿಸಿ, ಅವರ ಮಾತನ್ನು ಮೊಬೈಲಿನಲ್ಲಿ ಹಿಡಿದೆವು. ಫ್ಯಾನು ನಿಲ್ಲಿಸಿ, ಮೊಬೈಲನ್ನು ಅವರ ಬಾಯಿಂದ ಒಂದು ಗೇಣು ದೂರದಲ್ಲಿಟ್ಟೆವು. ನಾವು ಕೇಳಿದ್ದು, "ನಿಮ್ಮ ಮನೆಯ ಮಗ್ಗ ಏನಾಯಿತು ಅಜ್ಜಿ?" ಎಂದಷ್ಟೆ. ಅವರ ಉತ್ತರದಿಂದ ಸುಮಾರು ಒಂದೂವರೆ ನಿಮಿಷದ ಭಾಗವನ್ನು ಆರಿಸಿಕೊಂಡೆವು. ಉಚ್ಚಾರವನ್ನು ಓದುಗರ ಅನುಕೂಲಕ್ಕಾಗಿ ತುಸು ತಿದ್ದಿ ಇಲ್ಲಿ ಕೊಟ್ಟಿದ್ದೇವೆ:

"ಆಗ ನಮ್ಮ ಮನೇಲಿ ಎರಡು ಗುಂಡಿ ಮಗ್ಗ ಇದ್ದವು. ಒಂದರಲ್ಲಿ ನಮ್ಮಪ್ಪ ಕೂರೋರು, ಇನ್ನೊಂದರಲ್ಲಿ ದೊಡ್ಡಪ್ಪ. ನಾನು ಇಸ್ಕೂಲಿಂದ ಬಂದವಳೇ ಕಂಡಿಕೆ ಸುತ್ತೋಕೆ ಕೂರಬೇಕು. ಒಂದು ಸೀರೆ ಆಗೋಕೆ ಮೂರು ದಿನ. ಆಮೇಲೆ ಕರೆಂಟಿನ ಮಗ್ಗ ಬಂತು. ದೊಡ್ಡಪ್ಪ ಹೇಳಿದರು, ಎರಡನ್ನೂ ಬಿಚ್ಚಿ ಕೊಟ್ಟುಬಿಡೋಣ ಅಂತ. ಅಪ್ಪ ಏನೂ ಮಾತಾಡಲಿಲ್ಲ. ಕೊನೆಗೆ ದೊಡ್ಡಪ್ಪನದು ಒಂದು ಕೊಟ್ಟುಬಿಟ್ಟೆವು. ಅಪ್ಪನದು, ಅಪ್ಪ ಇರೋವರೆಗೂ ಇತ್ತು. ಕರೆಂಟಿನ ಮಗ್ಗದಲ್ಲಿ ದಿನಕ್ಕೆ ನಾಲ್ಕು ಸೀರೆ ನೇಯ್ತಾರಂತೆ. ನೇಯಲಿ. ಒಳ್ಳೇದೇ. ಆ ಗುಂಡಿ ಮುಚ್ಚಿ ಸಿಮೆಂಟು ಹಾಕಿಸಿದೆವು. ಈಗ ಮೊಮ್ಮಗನ ಬೈಕು ನಿಲ್ಲುತ್ತೆ ಅಲ್ಲಿ. ಮಳೆ ಬಂದರೆ ಆ ಜಾಗ ಮಾತ್ರ ನೀರು ನಿಲ್ಲುತ್ತೆ. ಯಾಕಜ್ಜಿ ಅಲ್ಲಿ ಮಾತ್ರ ತಗ್ಗು ಅಂತ ಮಕ್ಕಳು ಕೇಳ್ತಾವೆ. ಏನಂತ ಹೇಳೋದು."

ಈ ಮಾತಿನ ಮೇಲೆ ಮೂರು ಬಗೆಯ ಪ್ರಶ್ನೆಗಳನ್ನು ಕೇಳಬಹುದು. ಒಟ್ಟಾರೆ ಏನು ಹೇಳಿದರು ಎಂಬುದು ಮುಖ್ಯ ವಿಚಾರ. ಯಾರು, ಎಷ್ಟು, ಯಾವಾಗ, ಏಕೆ ಎಂಬುದು ವಿವರ. ಹೇಳುವಾಗ ಅವರ ಮನಸ್ಸು ಹೇಗಿತ್ತು ಎಂಬುದು ಮನೋಭಾವ. ಮೂರೂ ಬೇರೆ ಬೇರೆ ಕೆಲಸಗಳು. ಒಂದನ್ನು ಕಟ್ಟುವ ಕ್ರಮ ಇನ್ನೊಂದಕ್ಕೆ ಒಗ್ಗುವುದಿಲ್ಲ.

ಮುಖ್ಯ ವಿಚಾರದ ಪ್ರಶ್ನೆ

"ಅಜ್ಜಿ ಯಾವುದರ ಬಗ್ಗೆ ಮಾತಾಡಿದರು?" ಎಂದು ಕೇಳಿದರೆ ಮಗು "ಮಗ್ಗ" ಎನ್ನುತ್ತದೆ. ಅದು ವಿಷಯದ ಹೆಸರಾಯಿತೇ ಹೊರತು ಮುಖ್ಯ ವಿಚಾರವಾಗಲಿಲ್ಲ. ಆ ಒಂದು ಶಬ್ದ ಕಿವಿಗೆ ಬಿದ್ದರೆ ಸಾಕು, ಉಳಿದುದನ್ನು ಕೇಳಬೇಕಾಗಿಯೇ ಇಲ್ಲ. ಆದ್ದರಿಂದ ನಾವು, "ಈ ಮಾತನ್ನು ಕೇಳದ ನಿನ್ನ ತಂಗಿಗೆ ಒಂದೇ ವಾಕ್ಯದಲ್ಲಿ ಹೇಳು" ಎಂದು ಕೇಳುತ್ತೇವೆ. ವಾಕ್ಯ ಕಟ್ಟಲು ಇನ್ನೂ ಬಾರದ ಮಗುವಿಗೆ ನಾಲ್ಕು ಆಯ್ಕೆಗಳನ್ನು ಕೊಡುತ್ತೇವೆ:

ಅ) ಕೈಮಗ್ಗದಲ್ಲಿ ಒಂದು ಸೀರೆ ನೇಯಲು ಮೂರು ದಿನ ಬೇಕು.
ಆ) ಕರೆಂಟಿನ ಮಗ್ಗ ಬಂದು ಊರೂರಿನ ನೇಕಾರರೆಲ್ಲ ಕೆಲಸ ಕಳೆದುಕೊಂಡರು.
ಇ) ಕರೆಂಟಿನ ಮಗ್ಗ ಬಂದ ಮೇಲೆ ಒಂದು ಮನೆಯ ಕೈಮಗ್ಗ ಹೋಯಿತು, ಅದರ ಗುರುತು ಮನೆಯಲ್ಲಿ ಇನ್ನೂ ಇದೆ.
ಈ) ಗುಂಡಿ ಮಗ್ಗವನ್ನು ಹೇಗೆ ಕೂರಿಸುತ್ತಾರೆ.

ಇಲ್ಲಿ ತಪ್ಪು ಆಯ್ಕೆಗಳನ್ನು ಸುಮ್ಮನೆ ಜೋಡಿಸಿಲ್ಲ. ಮೊದಲನೆಯದು ಮಾತಿನಲ್ಲಿ ಇರುವ ಸತ್ಯವೇ. ಆದರೆ ಬಹಳ ಚಿಕ್ಕದು, ಒಂದು ವಾಕ್ಯಕ್ಕೆ ಮಾತ್ರ ಸಲ್ಲುತ್ತದೆ. ಎರಡನೆಯದು ಬಹಳ ದೊಡ್ಡದು. ಅಜ್ಜಿ ತಮ್ಮ ಮನೆಯ ಮಾತು ಹೇಳಿದರು, ಊರೂರಿನದನ್ನಲ್ಲ. ನಾಲ್ಕನೆಯದು ಅದೇ ವಿಷಯಕ್ಕೆ ಸೇರಿದ್ದರೂ ಮಾತಿನಲ್ಲಿ ಬಂದೇ ಇಲ್ಲ. ಹೀಗೆ ಕಟ್ಟಿದಾಗ ಮಗುವಿನ ತಪ್ಪು ಉತ್ತರವೂ ನಮಗೆ ಏನನ್ನೋ ಹೇಳುತ್ತದೆ. ಚಿಕ್ಕದನ್ನು ಆರಿಸಿದ ಮಗು ತುಣುಕುಗಳನ್ನು ಹಿಡಿದಿದೆ, ಅವನ್ನು ಕೂಡಿಸಿಲ್ಲ. ದೊಡ್ಡದನ್ನು ಆರಿಸಿದ ಮಗು ಕೇಳಿದ್ದಕ್ಕಿಂತ ತನಗೆ ಮೊದಲೇ ಗೊತ್ತಿದ್ದುದನ್ನು ಹೇಳುತ್ತಿದೆ. ಬರದ ವಿಷಯವನ್ನು ಆರಿಸಿದ ಮಗುವಿಗೆ ಒಂದೆರಡು ಶಬ್ದಗಳು ಮಾತ್ರ ಕೇಳಿಸಿವೆ.

ವಿವರದ ಪ್ರಶ್ನೆ

ವಿವರದ ಪ್ರಶ್ನೆ ಕಟ್ಟುವುದು ಸುಲಭವೆಂದು ತೋರುತ್ತದೆ. ನಾವು ಹೆಚ್ಚು ಎಡವಿದ್ದೂ ಇಲ್ಲಿಯೇ. "ಕಂಡಿಕೆಗೆ ಏನನ್ನು ಸುತ್ತುತ್ತಾರೆ?" ಎಂಬುದು ನಮ್ಮ ಹಳೆಯ ಪತ್ರಿಕೆಯಲ್ಲಿತ್ತು. ನೇಕಾರ ಮನೆಯ ಮಗು ಮಾತನ್ನು ಕೇಳದೆಯೇ "ನೂಲು" ಎನ್ನುತ್ತದೆ. ಬೇಸಾಯದ ಮನೆಯ ಮಗು ಕೇಳಿದರೂ ಹೇಳಲಾರದು, ಏಕೆಂದರೆ ಅಜ್ಜಿ ನೂಲಿನ ಹೆಸರನ್ನೇ ಎತ್ತಿಲ್ಲ. ಆ ಪ್ರಶ್ನೆ ಅಳೆದದ್ದು ಮಗುವಿನ ಮನೆತನದ ಕಸುಬನ್ನು.

ಒಳ್ಳೆಯ ವಿವರ ಯಾವುದೆಂದರೆ, ಅರ್ಧ ಕಿವಿಯಿಂದ ಕೇಳಿದವನಿಗೆ ಒಂದು ಉತ್ತರ, ಪೂರ್ತಿ ಕೇಳಿದವನಿಗೆ ಇನ್ನೊಂದು ಉತ್ತರ ಸಿಗುವಂಥದು. ಈ ಮಾತಿನಲ್ಲಿ ಅಂಥ ಜಾಗ ಒಂದಿದೆ: "ಮನೆಯವರು ಎಷ್ಟು ಮಗ್ಗ ಕೊಟ್ಟರು?" ದೊಡ್ಡಪ್ಪ "ಎರಡನ್ನೂ" ಎಂದದ್ದು ಕಿವಿಗೆ ಗಟ್ಟಿಯಾಗಿ ಬೀಳುತ್ತದೆ. ಅಲ್ಲಿಗೆ ಕಿವಿ ಮುಚ್ಚಿದ ಮಗು "ಎರಡು" ಎನ್ನುತ್ತದೆ. ಅಪ್ಪನ ಮೌನವನ್ನೂ ಅದರ ಮುಂದಿನ ವಾಕ್ಯವನ್ನೂ ಹಿಡಿದ ಮಗು "ಒಂದು" ಎನ್ನುತ್ತದೆ. ಇದೇ ವಿವರ ಮುಖ್ಯ ವಿಚಾರಕ್ಕೂ ಆಧಾರ. "ಸೀರೆಗೆ ಎಷ್ಟು ದಿನ?" ಎಂಬ ಪ್ರಶ್ನೆಯನ್ನೂ ಕೇಳಬಹುದು, ಆದರೆ ಅದು ನೆನಪಿನ ಪರೀಕ್ಷೆಯತ್ತ ವಾಲುತ್ತದೆ. ಅಂಥವು ಒಂದಕ್ಕಿಂತ ಹೆಚ್ಚು ಬೇಡ.

ಇನ್ನೆರಡು ನಿಯಮಗಳನ್ನು ನಾವು ಪಾಲಿಸುತ್ತೇವೆ. ಪ್ರಶ್ನೆಗಳು ಮಾತಿನ ಕ್ರಮದಲ್ಲಿಯೇ ಇರಬೇಕು, ಮತ್ತು ಒಂದರ ಉತ್ತರಕ್ಕೂ ಮುಂದಿನದರ ಉತ್ತರಕ್ಕೂ ನಡುವೆ ಎರಡು ಮೂರು ವಾಕ್ಯಗಳ ಅಂತರವಿರಬೇಕು. ಇಲ್ಲವಾದರೆ ಮೊದಲ ಉತ್ತರವನ್ನು ಯೋಚಿಸುವಷ್ಟರಲ್ಲಿ ಎರಡನೆಯದು ದಾಟಿ ಹೋಗುತ್ತದೆ. ಎರಡನೆಯ ನಿಯಮ ಭಾಷೆಯದು. ಅಜ್ಜಿಯ ಶಬ್ದಗಳನ್ನೇ ಪ್ರಶ್ನೆಯಲ್ಲಿ ಬಳಸಿದರೆ ಮಗು ಶಬ್ದಕ್ಕೆ ಶಬ್ದ ಹೊಂದಿಸಿ ಉತ್ತರಿಸಿಬಿಡುತ್ತದೆ; ಆದ್ದರಿಂದ ಬೇರೆ ಶಬ್ದ ಬಳಸಬೇಕು ಎನ್ನುವುದು ಪ್ರಶ್ನೆ ರಚಿಸುವವರ ರೂಢಿ. ಆದರೆ ನಮ್ಮ ಕಡೆ ಇದಕ್ಕೊಂದು ಮಿತಿಯಿದೆ. "ಕರೆಂಟಿನ ಮಗ್ಗ" ಎಂಬುದನ್ನು ನಾವು "ವಿದ್ಯುತ್ ಚಾಲಿತ ಮಗ್ಗ" ಎಂದು ಬದಲಿಸಿದಾಗ, ಮಾತು ಪೂರ್ತಿ ತಿಳಿದ ಮಕ್ಕಳೂ ಪ್ರಶ್ನೆ ತಿಳಿಯದೆ ಕುಳಿತರು. ಬದಲಿಸುವ ಶಬ್ದವೂ ಮನೆಯ ಕನ್ನಡದ್ದೇ ಆಗಿರಬೇಕು. "ಕೊಟ್ಟುಬಿಟ್ಟೆವು" ಎಂಬುದಕ್ಕೆ "ಮನೆಯಿಂದ ಹೋದ ಮಗ್ಗ ಎಷ್ಟು?" ಎಂದು ಕೇಳಿದರೆ ಸಾಕು.

ಮನೋಭಾವದ ಪ್ರಶ್ನೆ

ಮೂರರಲ್ಲಿ ಇದು ಕಷ್ಟದ್ದು. ಕೇಳಿ ತಿಳಿಯುವ ಪರೀಕ್ಷೆಯನ್ನು ಓದಿ ತಿಳಿಯುವ ಪರೀಕ್ಷೆಯಿಂದ ಬೇರ್ಪಡಿಸುವುದೂ ಇದೇ. ಮುಖ್ಯ ವಿಚಾರವೂ ವಿವರವೂ ಬರಹದಲ್ಲಿ ಸಿಗುತ್ತವೆ. ಮನೋಭಾವದ ಬಹುಪಾಲು ಧ್ವನಿಯಲ್ಲಿರುತ್ತದೆ.

ನಮ್ಮ ಪ್ರಶ್ನೆ ಇದು: "ಕರೆಂಟಿನ ಮಗ್ಗದ ಮಾತು ಬಂದಾಗ ಅಜ್ಜಿಯ ಮನಸ್ಸು ಹೇಗಿತ್ತು?" ಆಯ್ಕೆಗಳು: ಅ) ಅವರಿಗೆ ಅದರ ಮೇಲೆ ಸಿಟ್ಟಿದೆ. ಆ) ಅದು ಬಂದದ್ದು ಅವರಿಗೆ ಸಂತೋಷ. ಇ) ಆಗಿದ್ದನ್ನು ಒಪ್ಪಿಕೊಂಡಿದ್ದಾರೆ, ಆದರೆ ಸಂತೋಷವಿಲ್ಲ. ಈ) ದಿನಕ್ಕೆ ನಾಲ್ಕು ಸೀರೆ ಎಂಬುದನ್ನು ಅವರು ನಂಬುವುದಿಲ್ಲ.

ಈ ಭಾಗದ ಬರಹವನ್ನು ಮಾತ್ರ ಕೊಟ್ಟು ಇಬ್ಬರು ಪಾಲಕರನ್ನು ಕೇಳಿದೆವು. "ಒಳ್ಳೇದೇ" ಎಂದಿದ್ದಾರಲ್ಲ, ಸಂತೋಷವೇ ಎಂದರು. ಧ್ವನಿ ಕೇಳಿಸಿದ ಮೇಲೆ ಇಬ್ಬರೂ ಮೂರನೆಯದಕ್ಕೆ ಬದಲಾದರು. "ನೇಯ್ತಾರಂತೆ" ಎಂದ ಮೇಲೆ ಅಜ್ಜಿ ನಿಲ್ಲಿಸುತ್ತಾರೆ. "ನೇಯಲಿ" ಎನ್ನುವಾಗ ದನಿ ಇಳಿಯುತ್ತದೆ. "ಒಳ್ಳೇದೇ" ಎಂಬುದು ಬಹುತೇಕ ತಮಗೆ ತಾವೇ ಹೇಳಿಕೊಂಡಂತಿದೆ. ಅದೇ ಶಬ್ದವನ್ನು ದನಿಯೆತ್ತಿ, ಬೇಗನೆ ಹೇಳಿದ್ದರೆ ಸಂತೋಷವೇ ಆಗುತ್ತಿತ್ತು; ಎಳೆದು ಹೇಳಿದ್ದರೆ ವ್ಯಂಗ್ಯವಾಗುತ್ತಿತ್ತು.

ಧ್ವನಿಯ ಜೊತೆಗೆ ಕನ್ನಡದ ಕೆಲವು ಕೊನೆಯ ಸೇರಿಕೆಗಳೂ ಮನಸ್ಸನ್ನು ಹೇಳುತ್ತವೆ. "ನೇಯ್ತಾರೆ" ಎಂಬುದು ಕಂಡ ಮಾತು. "ನೇಯ್ತಾರಂತೆ" ಎಂಬುದು ಕೇಳಿದ ಮಾತು. ಅಜ್ಜಿ ಆ ಮಗ್ಗವನ್ನು ತಮ್ಮದಲ್ಲದ ಲೋಕವಾಗಿ ದೂರವಿಟ್ಟು ನೋಡುತ್ತಿದ್ದಾರೆ. ಇಲ್ಲಿ ಕೆಲವು ಮಕ್ಕಳು ಎಡವಿ, "ಅಂತೆ" ಎಂದರೆ ನಂಬಿಕೆಯಿಲ್ಲ ಎಂದುಕೊಂಡು ನಾಲ್ಕನೆಯದನ್ನು ಆರಿಸಿದರು. "ಅಂತೆ" ತಾನಾಗಿ ಅಪನಂಬಿಕೆಯನ್ನು ಹೇಳುವುದಿಲ್ಲ. ನಾನು ಕಣ್ಣಾರೆ ಕಂಡಿಲ್ಲ ಎಂದಷ್ಟೇ ಹೇಳುತ್ತದೆ. ಅಪನಂಬಿಕೆಯಿದ್ದರೆ ದನಿಯಲ್ಲಿ ಬೇರೆಯಾಗಿ ಕೇಳಿಸಬೇಕು. ಹಾಗೆಯೇ "ಕೊಟ್ಟೆವು" ಎಂದಿದ್ದರೆ ಬರಿಯ ಸುದ್ದಿ. "ಕೊಟ್ಟುಬಿಟ್ಟೆವು" ಎಂದಾಗ, ಆದದ್ದು ಆಗಿಹೋಯಿತು, ಇನ್ನು ಹಿಂದಿರುಗಿಸಲಾಗದು ಎಂಬ ಭಾವ ಸೇರಿಕೊಳ್ಳುತ್ತದೆ. ಅದು ನಿಟ್ಟುಸಿರೋ ನಿರಾಳವೋ ಎಂಬುದನ್ನು ಮತ್ತೆ ದನಿಯೇ ತೀರ್ಮಾನಿಸಬೇಕು.

ಇದನ್ನು ಮಕ್ಕಳಿಗೆ ವ್ಯಾಕರಣವಾಗಿ ಕಲಿಸಬೇಕಾಗಿಲ್ಲ. ಶಾಲೆಯಲ್ಲಿ ಅವರು ಕಲಿಯುವ ತಮಿಳೇ ಇಲ್ಲಿ ನೆರವಿಗೆ ಬರುತ್ತದೆ. ನಮ್ಮ "ನೇಯ್ತಾರಂತೆ" ಮಾಡುವ ಕೆಲಸವನ್ನು ತಮಿಳಿನಲ್ಲಿ "ನೆಯ್‌ವಾಂಗಳಾಂ" ಎಂಬುದರ ಕೊನೆಯ "ಆಂ" ಮಾಡುತ್ತದೆ; "ಕೊಟ್ಟುಬಿಟ್ಟೆವು" ಎಂಬುದಕ್ಕೆ "ಕುಡುತ್ತುಟ್ಟೋಂ" ಸಮನಾಗಿ ನಿಲ್ಲುತ್ತದೆ. ಒಂದು ಭಾಷೆಯಲ್ಲಿ ಈ ಸೂಕ್ಷ್ಮವನ್ನು ಹಿಡಿಯುವ ಕಿವಿ ಇನ್ನೊಂದರಲ್ಲಿಯೂ ಹಿಡಿಯಬಲ್ಲದು. ಎರಡು ಭಾಷೆಗಳ ನಡುವೆ ಬೆಳೆಯುವುದರಿಂದ ಮಗುವಿನ ಕನ್ನಡ ಕೆಡುತ್ತದೆ ಎಂದು ಅಂಜುವ ಪಾಲಕರು ಇದನ್ನು ಗಮನಿಸಬೇಕು.

ಮನೋಭಾವಕ್ಕೆ ನಾವು ಎರಡು ಅಂಕ ಇಡುತ್ತೇವೆ. ಸರಿಯಾದ ಆಯ್ಕೆಗೆ ಒಂದು, "ಎಲ್ಲಿ ಕೇಳಿ ನಿನಗೆ ಹಾಗೆನ್ನಿಸಿತು?" ಎಂಬುದರ ಉತ್ತರಕ್ಕೆ ಇನ್ನೊಂದು. ಆರಂಭದಲ್ಲಿ ಹೇಳಿದ ಹುಡುಗ ಈ ಹೊಸ ಪತ್ರಿಕೆಯಲ್ಲಿ, "ಒಳ್ಳೇದೇ ಅನ್ನುವಾಗ ಅಜ್ಜಿ ನಗಲಿಲ್ಲ" ಎಂದು ತಮಿಳಿನಲ್ಲಿ ಹೇಳಿದ. ಪೂರ್ತಿ ಅಂಕ ಕೊಟ್ಟೆವು.

ಎಷ್ಟು ಸಲ ಕೇಳಿಸಬೇಕು

ವಿದೇಶದ ವಿಶ್ವವಿದ್ಯಾಲಯಗಳಿಗೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ ಧ್ವನಿಮುದ್ರಣವನ್ನು ಒಂದೇ ಸಲ ಕೇಳಿಸುತ್ತಾರೆ. ಪ್ರಶ್ನೆಗಳನ್ನು ಓದಿಕೊಳ್ಳಲು ಮೊದಲೇ ಸಮಯ ಕೊಡುತ್ತಾರೆ. ಅಲ್ಲಿ ಉದ್ದೇಶ ಆಯ್ಕೆ. ನಮ್ಮ ಉದ್ದೇಶ ಮಗುವಿಗೆ ಎಲ್ಲಿ ತೊಡಕಿದೆ ಎಂದು ತಿಳಿಯುವುದು. ಆದ್ದರಿಂದ ನಾವು ಮೂರು ಸಲ ಕೇಳಿಸುತ್ತೇವೆ. ಮೊದಲ ಸಲ ಪ್ರಶ್ನೆಯೇ ಇಲ್ಲ. ಕೇಳಿದ ಮೇಲೆ ಮುಖ್ಯ ವಿಚಾರವನ್ನು ಕೇಳುತ್ತೇವೆ. ವಿವರದ ಪ್ರಶ್ನೆಗಳನ್ನು ಮೊದಲೇ ಕೊಟ್ಟರೆ ಮಗು ಅಂಕಿ ಹುಡುಕುತ್ತ ಕೂರುತ್ತದೆ, ಮಾತಿನ ಒಟ್ಟು ಅರ್ಥ ಜಾರಿಹೋಗುತ್ತದೆ. ಎರಡನೆಯ ಸಲ, ವಿವರದ ಪ್ರಶ್ನೆಗಳನ್ನು ಓದಿ ಹೇಳಿದ ಮೇಲೆ ಪೂರ್ತಿ ಕೇಳಿಸುತ್ತೇವೆ. ಮೂರನೆಯ ಸಲ, "ಕರೆಂಟಿನ ಮಗ್ಗದಲ್ಲಿ" ಎಂಬಲ್ಲಿಂದ "ಒಳ್ಳೇದೇ" ಎಂಬಲ್ಲಿಯವರೆಗಿನ ಚಿಕ್ಕ ತುಣುಕನ್ನು ಮಾತ್ರ ಕೇಳಿಸಿ ಮನೋಭಾವವನ್ನು ಕೇಳುತ್ತೇವೆ.

ಪ್ರಶ್ನೆಗಳನ್ನು ಬಾಯಲ್ಲಿಯೇ ಕೇಳುತ್ತೇವೆ. ಉತ್ತರ ಮನೆಯ ಕನ್ನಡದಲ್ಲಿರಲಿ, ತಮಿಳಿನಲ್ಲಿರಲಿ, ಆಯ್ಕೆಯ ಅಕ್ಷರವನ್ನು ಬೆರಳಲ್ಲಿ ತೋರಿಸಿದ್ದಿರಲಿ, ಒಪ್ಪುತ್ತೇವೆ. ಬರಹಕ್ಕೆ ಬೇರೆ ಪರೀಕ್ಷೆಯಿದೆ. ಅಲ್ಲಿ ಈ ರಿಯಾಯಿತಿಯಿಲ್ಲ.

ಪ್ರಶ್ನೆಯನ್ನು ಪರೀಕ್ಷಿಸುವುದು

ಮಕ್ಕಳ ಮುಂದಿಡುವ ಮೊದಲು ಪ್ರತಿ ಪ್ರಶ್ನೆಯೂ ಮೂರು ಸೋಸುಗಳನ್ನು ದಾಟಬೇಕು. ಮೊದಲನೆಯದಾಗಿ, ಮಾತನ್ನು ಕೇಳದ ಎಂಟು ಜನರಿಗೆ ಪ್ರಶ್ನೆ ಮಾತ್ರ ಕೊಡುತ್ತೇವೆ. ನಾಲ್ಕು ಆಯ್ಕೆಗಳಿದ್ದರೆ ಊಹೆಯಿಂದ ಇಬ್ಬರು ಸರಿ ಹೇಳುವುದು ಸಹಜ. ನಾಲ್ಕೈದು ಜನ ಸರಿ ಹೇಳಿದರೆ ಉತ್ತರ ಪ್ರಶ್ನೆಯೊಳಗೇ ಎಲ್ಲೋ ಇಣುಕುತ್ತಿದೆ. ಸರಿಯಾದ ಆಯ್ಕೆಯೇ ಎಲ್ಲಕ್ಕಿಂತ ಉದ್ದವಾಗಿರುವುದು ಇದಕ್ಕೆ ಸಾಮಾನ್ಯ ಕಾರಣ. ಮೇಲಿನ ಮುಖ್ಯ ವಿಚಾರದ "ಇ" ಆಯ್ಕೆಯಲ್ಲಿ ನಮಗೂ ಆ ದೋಷ ಉಳಿದಿದೆ, ಅದನ್ನು ಇನ್ನೂ ಮೊಟಕುಗೊಳಿಸಬೇಕು. ಎರಡನೆಯದಾಗಿ, ಮನೋಭಾವದ ಪ್ರಶ್ನೆಯನ್ನು ಬರಹ ಮಾತ್ರ ಓದಿದವರಿಗೆ ಕೊಡುತ್ತೇವೆ. ಕೇಳಿದವರಷ್ಟೇ ಸುಲಭವಾಗಿ ಅವರೂ ಉತ್ತರಿಸಿದರೆ ಅದು ಓದುವ ಪ್ರಶ್ನೆ, ಬಿಟ್ಟುಬಿಡುತ್ತೇವೆ. ಮೂರನೆಯದಾಗಿ, ನಾಲ್ವರು ಹಿರಿಯರು ಬೇರೆ ಬೇರೆಯಾಗಿ ಕೇಳಿ ಮನೋಭಾವವನ್ನು ಹೇಳಬೇಕು. ಕನಿಷ್ಠ ಮೂವರು ಒಂದೇ ಉತ್ತರಕ್ಕೆ ಬಾರದಿದ್ದರೆ, ದೊಡ್ಡವರಿಗೇ ತಿಳಿಯದ್ದನ್ನು ಮಗುವಿಗೆ ಕೇಳುವುದು ಸಲ್ಲದು. "ಏನಂತ ಹೇಳೋದು" ಎಂಬ ಕೊನೆಯ ವಾಕ್ಯದ ಮೇಲಿನ ಪ್ರಶ್ನೆ ಹೀಗೆಯೇ ಬಿದ್ದುಹೋಯಿತು. ಇಬ್ಬರಿಗೆ ಅದು ದುಃಖವೆನಿಸಿತು, ಒಬ್ಬರಿಗೆ ಬೇಸರ, ಇನ್ನೊಬ್ಬರಿಗೆ ಮೊಮ್ಮಕ್ಕಳ ಮೇಲಿನ ಅಕ್ಕರೆ.

ಅಂಕಗಳನ್ನು ಓದುವುದು

ಮೂರು ಬಗೆಯ ಅಂಕಗಳನ್ನು ಕೂಡಿಸಿ ಒಂದು ಸಂಖ್ಯೆ ಮಾಡಬಾರದು. ಬೇರೆ ಬೇರೆಯಾಗಿಯೇ ಬರೆದಿಡಬೇಕು. ವಿವರಗಳೆಲ್ಲ ಸರಿಯಾಗಿದ್ದು ಮುಖ್ಯ ವಿಚಾರ ತಪ್ಪಿದ ಮಗುವಿಗೆ ಶಬ್ದಗಳ ಕೊರತೆಯಿಲ್ಲ. ಕೇಳಿದ್ದನ್ನು ಒಂದೇ ವಾಕ್ಯದಲ್ಲಿ ಮರಳಿ ಹೇಳುವ ರೂಢಿ ಬೇಕು. ಮುಖ್ಯ ವಿಚಾರ ಸರಿಯಾಗಿದ್ದು ವಿವರ ತಪ್ಪಿದರೆ, ಅಂಕಿಗಳು, ನಂಟಿನ ಹೆಸರುಗಳು, "ಆಮೇಲೆ", "ಕೊನೆಗೆ" ಎಂಬ ಕೊಂಡಿಗಳು ಮಗುವಿಗೆ ತಿಳಿದಿವೆಯೇ ಎಂದು ನೋಡಬೇಕು. ಎರಡೂ ಸರಿಯಾಗಿದ್ದು ಮನೋಭಾವ ಮಾತ್ರ ತಪ್ಪಿದ ಮಕ್ಕಳು ನಮ್ಮ ತರಗತಿಯಲ್ಲಿ ಹೆಚ್ಚಾಗಿ ಪುಸ್ತಕದಿಂದಲೇ ಕನ್ನಡ ಕಲಿತವರು. ಅವರು ಚೆನ್ನಾಗಿ ಬರೆಯುತ್ತಾರೆ; ಹಿರಿಯರೊಡನೆ ಕೂತು ಮಾತು ಕೇಳಿದ್ದು ಕಡಿಮೆ.

ನಮ್ಮ ಹುಡುಗ ಇದಕ್ಕೆ ತದ್ವಿರುದ್ಧ. ಅವನ ಈಗಿನ ಲೆಕ್ಕ ಹೀಗಿದೆ: ಮುಖ್ಯ ವಿಚಾರ ಸರಿ, ನಾಲ್ಕು ವಿವರಗಳಲ್ಲಿ ಮೂರು ಸರಿ, ಮನೋಭಾವಕ್ಕೆ ಎರಡಕ್ಕೆ ಎರಡು, ಬರಹದಲ್ಲಿ ಒತ್ತಕ್ಷರಗಳು ಇನ್ನೂ ಬರಬೇಕು. ಇದನ್ನೇ ಒಂದು ಚೀಟಿಯಲ್ಲಿ ಬರೆದು ಅವನ ತಾಯಿಗೆ ಕೊಟ್ಟೆವು. ಅವರು ಎರಡು ಸಲ ಓದಿ, "ಹಾಗಾದರೆ ಬರೆಯೋದು ಒಂದು ಕಲಿಸಿದರೆ ಆಯಿತು" ಎಂದರು. ನಮ್ಮ ತೀರ್ಮಾನವೂ ಅದೇ.